‘ಸ್ವಲ್ಪ ಕೋಝಿ ಮಾಡಿ’ ಎಂದಾಗ ಚಿತ್ರದಲ್ಲಿ ಬದಲಾಗಬೇಕಾದದ್ದು ಯಾವುದು?

ಮನೆಯ ಒಳವಿನ್ಯಾಸದ ರೆಂಡರ್ ಚಿತ್ರವನ್ನು ಕಳುಹಿಸಿದ ಅರ್ಧ ಗಂಟೆಯೊಳಗೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದು: ‘ಚಂದ ಉಂಟು, ಆದರೆ ಸ್ವಲ್ಪ ಕೋಝಿ ಮಾಡಬಹುದಾ?’ ಅಥವಾ ‘ಇನ್ನೂ ರಿಚ್ ಕಾಣಬೇಕಿತ್ತು.’ ಹೀಗೆ ಹೇಳುವವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಅವರು ತಮಗೆ ಅನಿಸಿದ್ದನ್ನು ಹೇಳುತ್ತಾರೆ, ಅದನ್ನು ಹೇಳುವುದಕ್ಕೆ ಅವರಿಗೆ ಪೂರ್ಣ ಹಕ್ಕಿದೆ. ನನಗೆ ಬೇಸರ ತರಿಸುವುದು ನಮ್ಮ ವೃತ್ತಿಯವರೇ ಮಾಡುವ ಒಂದು ಕೆಲಸ. ಗ್ರಾಹಕರ ಬಾಯಿಂದ ಬಂದ ಆ ಗುಣವಾಚಕವನ್ನು ಹಾಗೆಯೇ ಎತ್ತಿಕೊಂಡು ಎಐ ಉಪಕರಣದ ಪ್ರಾಂಪ್ಟ್‌ನ ತುದಿಗೆ ಅಂಟಿಸಿ, ಬಂದ ನಾಲ್ಕು ಚಿತ್ರಗಳಲ್ಲಿ ಒಂದನ್ನು ಆರಿಸಿ ಕಳುಹಿಸಿಬಿಡುವುದು ಈಗ ಅಭ್ಯಾಸವಾಗಿಬಿಟ್ಟಿದೆ.

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಕದ್ರಿಯ ಒಂದು ಫ್ಲ್ಯಾಟಿನ ಹಾಲ್ ನಮ್ಮ ಕೈಯಲ್ಲಿತ್ತು. 12 ಅಡಿ ಅಗಲ, 16 ಅಡಿ ಉದ್ದ, ಬೂದು ಬಣ್ಣದ ಸೋಫಾ, ಬಿಳಿ ವಿಟ್ರಿಫೈಡ್ ನೆಲ, ಫಾಲ್ಸ್ ಸೀಲಿಂಗಿನಲ್ಲಿ ಹತ್ತು ಡೌನ್‌ಲೈಟ್. ಮನೆಯೊಡತಿ ನಿವೃತ್ತ ಶಿಕ್ಷಕಿ. ರೆಂಡರ್ ನೋಡಿದ ಅವರು ಕೋಝಿ ಮಾಡಿಕೊಡಿ ಎಂದರು. ನಮ್ಮಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಅದೇ ಪದವನ್ನು ಸೇರಿಸಿ ಚಿತ್ರ ತೆಗೆದ. ಟಿವಿ ಇದ್ದ ಗೋಡೆಯಲ್ಲಿ ಬೆಂಕಿ ಉರಿಯುವ ಒಲೆಗೂಡು ಬಂದಿತ್ತು, ಸೋಫಾದ ಮೇಲೆ ಉಣ್ಣೆಯ ಕಂಬಳಿ ಬಿದ್ದಿತ್ತು, ಬಾಲ್ಕನಿಯ ಸ್ಲೈಡಿಂಗ್ ಬಾಗಿಲು ಸಣ್ಣ ಚೌಕಗಳ ಕಿಟಕಿಯಾಗಿತ್ತು. ಹುಡುಗನ ತಪ್ಪಿಗಿಂತ ಪದದ ತಪ್ಪು ಇಲ್ಲಿ ದೊಡ್ಡದು. ಈ ಮಾದರಿಗಳು ಕಲಿತಿರುವುದು ಚಿತ್ರಗಳಿಂದ ಮತ್ತು ಅವುಗಳ ಜೊತೆಗಿದ್ದ ಬರಹದಿಂದ. ಜಾಲದಲ್ಲಿ ಕೋಝಿ ಎಂಬ ಪದ ಹೆಚ್ಚಾಗಿ ಅಂಟಿಕೊಂಡಿರುವುದು ಚಳಿದೇಶದ ಮನೆಗಳ ಚಿತ್ರಗಳಿಗೆ. ಆದ್ದರಿಂದ ಆ ಪದ ಅಲ್ಲಿಯ ಒಲೆ, ಕಂಬಳಿ, ಮೋಂಬತ್ತಿಗಳನ್ನೆಲ್ಲ ಒಟ್ಟಿಗೆ ಎಳೆದು ತರುತ್ತದೆ. ಲಕ್ಷುರಿ ಎಂದು ಬರೆದರೂ ಹೀಗೆಯೇ: ತೂಗುದೀಪದ ಗೊಂಚಲು, ಬಂಗಾರದ ಅಂಚು, ಹೊಳೆಯುವ ಮಾರ್ಬಲ್ ಬರುತ್ತವೆ, ಜೊತೆಗೆ ಯಾರಿಗೂ ತಿಳಿಯದ ಹಾಗೆ ಸೀಲಿಂಗ್ ಮೇಲೇರಿರುತ್ತದೆ. ಹತ್ತು ಅಡಿಯ ಸ್ಲ್ಯಾಬ್ ಇರುವ ಮನೆಗೆ ಹದಿನಾಲ್ಕು ಅಡಿಯ ಚಿತ್ರವನ್ನು ತೋರಿಸಿದ ಮೇಲೆ ಆ ಎತ್ತರವನ್ನು ಎಲ್ಲಿಂದ ತಂದುಕೊಡುವುದು?

ಹಾಗಾಗಿ ಗುಣವಾಚಕ ಪ್ರಾಂಪ್ಟ್ ಪೆಟ್ಟಿಗೆಯನ್ನು ತಲುಪಲೇಬಾರದು ಎಂಬುದು ನನ್ನ ನಿಲುವು. ಅದು ಯಾವ ವಸ್ತುವಿನ ಬಗ್ಗೆ ಹೇಳಿದ ಮಾತು, ಆ ವಸ್ತು ಏನಾಗಬೇಕು, ಅದರ ಸುತ್ತ ಏನು ಅಲುಗಾಡಬಾರದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಕಂಪ್ಯೂಟರಿನ ಮುಂದೆ ಕೂರುವುದರಿಂದ ಪ್ರಯೋಜನವಿಲ್ಲ.

ಮರುದಿನ ನಾನು ಮೂಲ ರೆಂಡರನ್ನು ದೊಡ್ಡ ಕಾಗದದಲ್ಲಿ ಮುದ್ರಿಸಿಕೊಂಡು ಅವರ ಮನೆಗೆ ಹೋದೆ. ‘ಟೀಚರ್, ನಿಮಗೆ ಸರಿ ಕಾಣದ ಜಾಗಕ್ಕೆ ಬೆರಳಿಟ್ಟು ತೋರಿಸಿ’ ಎಂದೆ. ಅವರು ತುಸು ಹೊತ್ತು ನೋಡಿ ಸೀಲಿಂಗಿನ ಮೇಲೆ ಬೆರಳಿಟ್ಟರು. ‘ಇದು ಬ್ಯಾಂಕಿನ ಕೌಂಟರಿನ ಹಾಗೆ ಕಾಣ್ತದೆ. ಕೂತವರಿಗೆ ಬೇಗ ಏಳಬೇಕು ಅನಿಸ್ತದೆ. ನನ್ನ ಅಮ್ಮನ ಮನೆಯ ಚಾವಡಿಯಲ್ಲಿ ಮೇಲೆ ಲೈಟೇ ಇರಲಿಲ್ಲ, ಮೂಲೆಯಲ್ಲಿ ಒಂದು ಇತ್ತು ಅಷ್ಟೆ.’ ಆಮೇಲೆ ಬೆರಳು ಸೋಫಾದ ಕೆಳಗಿನ ಬಿಳಿ ನೆಲಕ್ಕೆ ಇಳಿಯಿತು. ‘ಇಲ್ಲಿ ಕಾಲಿಟ್ಟರೆ ತಣ್ಣಗೆ.’ ಅವರ ಕೋಝಿ ಎಂಬ ಮಾತಿನೊಳಗೆ ಇದ್ದದ್ದು ಇವೆರಡೇ: ಕೂತವರ ಮಟ್ಟಕ್ಕೆ ಇಳಿದ ಬೆಳಕು ಮತ್ತು ಕಾಲಡಿಗೆ ಒಂದು ಹಾಸು. ಸೋಫಾ, ಪರದೆ, ಟಿವಿ ಗೋಡೆ ಯಾವುದರ ಬಗ್ಗೆಯೂ ಅವರಿಗೆ ದೂರಿರಲಿಲ್ಲ. ಬೆರಳಿಟ್ಟು ತೋರಿಸಲು ಕೇಳಿದಾಗ ಉತ್ತರ ಸಿಗದೆ ಹೋದದ್ದು ನನ್ನ ಅನುಭವದಲ್ಲಿ ಬಹಳ ಕಡಿಮೆ.

ಇನ್ನು ಪ್ರಾಂಪ್ಟ್. ಸ್ಟೇಬಲ್ ಡಿಫ್ಯೂಷನ್ ಮಾದರಿಯಲ್ಲಿ ನಾವು ಕೊಟ್ಟ ಚಿತ್ರದಿಂದಲೇ ಹೊಸ ಚಿತ್ರ ಕಟ್ಟುವ ಇಮೇಜ್-ಟು-ಇಮೇಜ್ ಪದ್ಧತಿಯಲ್ಲಿ ಪ್ರಾಂಪ್ಟ್ ಎಂದರೆ ಅಪ್ಪಣೆಯಲ್ಲ, ಮುಗಿದ ಚಿತ್ರದ ವರ್ಣನೆ. ‘ಬೆಳಕನ್ನು ಕಡಿಮೆ ಮಾಡು’ ಎಂದು ಬರೆದರೆ ಅದರಲ್ಲಿ ಹೆಚ್ಚಾಗಿ ಕೆಲಸ ಮಾಡುವುದು ಬೆಳಕು ಎಂಬ ಪದವೇ. ಬೇಡದ ವಸ್ತುವನ್ನು ‘ಇಲ್ಲ’ ಎಂದು ವರ್ಣಿಸಿದರೂ ಅದು ಬಂದು ಕೂರುವ ಸಂಭವವೇ ಹೆಚ್ಚು, ಆದ್ದರಿಂದ ಅದರ ಹೆಸರು ನೆಗೆಟಿವ್ ಪ್ರಾಂಪ್ಟ್ ಪೆಟ್ಟಿಗೆಗೆ ಹೋಗಬೇಕು. ಅಪ್ಪಣೆಯ ರೂಪದಲ್ಲಿ ಕೇಳಿಸಿಕೊಳ್ಳುವ ಬೇರೆ ಮಾದರಿಗಳೂ ಈಗ ಇವೆ. ಅಲ್ಲಿ ಬದಲಾಗಬೇಕಾದದ್ದರ ಜೊತೆಗೆ ಹಾಗೆಯೇ ಉಳಿಯಬೇಕಾದದ್ದನ್ನೂ ಬಿಡಿಸಿ ಹೇಳಬೇಕಾಗುತ್ತದೆ. ಟೀಚರ್ ಹಾಲ್‌ಗೆ ನಾನು ಬಳಸಿದ್ದು ಮೊದಲನೆಯ ಪದ್ಧತಿ. ಮೊದಲ ಹಂತದ ವರ್ಣನೆ ಹೀಗಿತ್ತು:

```
living room, evening, dim ceiling, one fabric
floor lamp beside sofa, low amber light on the wall,
grey fabric sofa, tv unit
```

ನೆಗೆಟಿವ್ ಪೆಟ್ಟಿಗೆಯಲ್ಲಿ:

```
downlights, chandelier, fireplace, candles
```

ಇಷ್ಟು ಸರಿಯಾಗಿ ಬರೆದರೂ ಮೊದಲ ಫಲಿತಾಂಶ ನಿರಾಶೆ ತಂದಿತು. ಸೀಲಿಂಗು ಮೊದಲಿನಂತೆಯೇ ಬೆಳ್ಳಗೆ ಹೊಳೆಯುತ್ತಿತ್ತು. ಬಹಳ ಮಂದಿ ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡಿನಾಯ್ಸಿಂಗ್ ಸ್ಟ್ರೆಂತ್ ಎಂಬ ಅಂಕಿ 0ರಿಂದ 1ರವರೆಗೆ ಇರುತ್ತದೆ. ನಾವು ಕೊಟ್ಟ ಚಿತ್ರದ ಮೇಲೆ ನಾಯ್ಸ್ ಎಂಬ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು ಎಷ್ಟು ಎರಚಿ, ಅದರೊಳಗಿಂದ ಹೊಸ ಚಿತ್ರವನ್ನು ಎಷ್ಟರಮಟ್ಟಿಗೆ ಕಟ್ಟಬೇಕು ಎಂಬುದನ್ನು ಅದು ಹೇಳುತ್ತದೆ. 0.35ರ ಆಸುಪಾಸಿನಲ್ಲಿ ಇಟ್ಟರೆ ಬಟ್ಟೆಯ ನೇಯ್ಗೆ, ಮರದ ಗೆರೆಯಂಥ ಸಣ್ಣ ವಿವರಗಳು ಅಳಿಸಿ ಮತ್ತೆ ಮೂಡುತ್ತವೆ, ಆದರೆ ಎಲ್ಲಿ ಬೆಳಕು, ಎಲ್ಲಿ ನೆರಳು ಎಂಬ ದೊಡ್ಡ ಹಂಚಿಕೆ ಹಾಗೆಯೇ ಉಳಿಯುತ್ತದೆ. ಆ ಹಂಚಿಕೆಯನ್ನು ಪ್ರಾಂಪ್ಟ್‌ನ ಪದಗಳಿಂದ ಅಲುಗಾಡಿಸಲು ಆಗುವುದಿಲ್ಲ. ಅಂಕಿಯನ್ನು 0.6ರ ಮೇಲಕ್ಕೆ ಏರಿಸಿದರೆ ಬೆಳಕು ಬದಲಾಗುತ್ತದೆ ನಿಜ, ಆದರೆ ಅದರೊಡನೆ ಕಿಟಕಿ, ಬೀಮ್, ಸೋಫಾದ ಕೈ ಎಲ್ಲವೂ ಬದಲಾಗತೊಡಗುತ್ತವೆ. ಉಪಕರಣದಿಂದ ಉಪಕರಣಕ್ಕೆ ಈ ಅಂಕಿಗಳು ತುಸು ಆಚೀಚೆ ಆಗಬಹುದು, ಸ್ವಭಾವ ಮಾತ್ರ ಇದೇ.

ಆದ್ದರಿಂದ ಬೆಳಕನ್ನು ಬದಲಿಸಬೇಕಾದಾಗ ನಾನು ಪ್ರಾಂಪ್ಟ್‌ಗೆ ಹೋಗುವ ಮುಂಚೆ ಕೊಡುವ ಚಿತ್ರವನ್ನೇ ತಿದ್ದುತ್ತೇನೆ. ಫೋಟೋ ತಿದ್ದುವ ತಂತ್ರಾಂಶದಲ್ಲಿ ಒಟ್ಟು ಪ್ರಕಾಶವನ್ನು ಇಳಿಸಿ, ಡೌನ್‌ಲೈಟುಗಳ ಬಿಳಿ ಚುಕ್ಕೆಗಳನ್ನು ಸೀಲಿಂಗಿನ ಬಣ್ಣದಿಂದ ಮುಚ್ಚಿ, ಸೋಫಾದ ಬಲಗಡೆ ದೀಪ ಬರಬೇಕಾದ ಜಾಗದಲ್ಲಿ ಒರಟಾಗಿ ಒಂದು ದೀಪದ ಆಕಾರವನ್ನೂ ಅದರ ಹಿಂದಿನ ಗೋಡೆಗೆ ಜೇನಿನ ಬಣ್ಣದ ಒಂದು ಮಸುಕಾದ ವೃತ್ತವನ್ನೂ ಬಳಿದೆ. ಮಕ್ಕಳು ಬಳಿದಂತೆ ಕಂಡರೂ ತೊಂದರೆಯಿಲ್ಲ. ಆ ಚಿತ್ರವನ್ನು 0.4ರಲ್ಲಿ, ಅದೇ ಪ್ರಾಂಪ್ಟ್ ಮತ್ತು ಅದೇ ಸೀಡ್ ಸಂಖ್ಯೆಯೊಡನೆ ಓಡಿಸಿದಾಗ ಸೀಲಿಂಗ್ ಸಂಜೆಯ ಮಬ್ಬಿಗೆ ಬಂತು, ದೀಪ ದೀಪವಾಯಿತು. ಕೋಣೆಯ ಆಕಾರ ಜರುಗದಂತೆ ಕಂಟ್ರೋಲ್‌ನೆಟ್‌ನ ಡೆಪ್ತ್ ಆಯ್ಕೆಯನ್ನೂ ಜೊತೆಗಿಟ್ಟಿದ್ದೆ. ಇದಕ್ಕೆ ಬೇಕಾದ ಆಳದ ನಕ್ಷೆಯನ್ನು ಚಿತ್ರದಿಂದ ಊಹಿಸಲು ಬಿಡುವ ಬದಲು ವಿ-ರೇ ಎಂಬ ರೆಂಡರ್ ತಂತ್ರಾಂಶದಲ್ಲಿ ರೆಂಡರ್ ಮಾಡುವಾಗಲೇ ಝಡ್-ಡೆಪ್ತ್ ಆಗಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಅದು ಊಹೆಯಲ್ಲ, ನಿಜವಾದ ಅಳತೆ. ಹೊಸದಾಗಿ ನಿಲ್ಲಿಸಿದ ದೀಪ ಆ ನಕ್ಷೆಯಲ್ಲಿ ಇರುವುದಿಲ್ಲವಾದ್ದರಿಂದ ಕಂಟ್ರೋಲ್‌ನೆಟ್‌ನ ಹಿಡಿತವನ್ನು ಮಾತ್ರ ತುಸು ಸಡಿಲ ಮಾಡಬೇಕಾಯಿತು.

ಎರಡನೆಯ ಬೆರಳು ನೆಲದ್ದು. ಇದನ್ನು ಬೆಳಕಿನ ಜೊತೆಗೆ ಒಂದೇ ಸಲ ಮಾಡಲು ನಾನು ಯಾರಿಗೂ ಹೇಳುವುದಿಲ್ಲ. ಎರಡು ಬದಲಾವಣೆ ಒಟ್ಟಿಗೆ ಆದರೆ ಕೆಟ್ಟದ್ದು ಯಾವುದರಿಂದ ಎಂದು ಹೇಳುವುದು ಕಷ್ಟ. ಮೊದಲ ಹಂತದ ಚಿತ್ರವನ್ನು ಉಳಿಸಿಕೊಂಡು, ಹಾಸು ಬರಬೇಕಾದ ನೆಲದ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿದೆ. ಹಾಸಿನ ಅಂಚಿಗಿಂತ ಸ್ವಲ್ಪ ಹೊರಗೂ ಮಾಸ್ಕ್ ಚಾಚಿರಬೇಕು, ಇಲ್ಲವಾದರೆ ಅದರ ನೆರಳು ಬೀಳಲು ಜಾಗವಿಲ್ಲದೆ ಹಾಸು ಕಾಗದ ಅಂಟಿಸಿದಂತೆ ಕಾಣುತ್ತದೆ. ಸೋಫಾದ ಕಾಲುಗಳನ್ನು ಮಾತ್ರ ಮಾಸ್ಕಿನಿಂದ ಹೊರಗಿಡಬೇಕು. ಇಲ್ಲಿ ಇಲ್ಲದ ವಸ್ತುವೊಂದು ಹೊಸದಾಗಿ ಹುಟ್ಟಬೇಕಾದ್ದರಿಂದ ಸ್ಟ್ರೆಂತ್ 0.75ರಷ್ಟು ಬೇಕಾಯಿತು. ಮಾಸ್ಕ್ ಇರುವುದರಿಂದ ಉಳಿದ ಕೋಣೆಗೆ ಅದರಿಂದ ಭಯವಿಲ್ಲ.

```
flat woven cotton rug, brick red, thin cream border,
under front legs of sofa, low amber lamp light from right
```

ಕೊನೆಯ ತುಣುಕನ್ನು ಗಮನಿಸಬೇಕು. ಮಾಸ್ಕ್ ಹಾಕಿದ ಭಾಗವನ್ನಷ್ಟೇ ಕತ್ತರಿಸಿಕೊಂಡು ಕೆಲಸ ಮಾಡುವ ಆಯ್ಕೆಯಲ್ಲಿ ಮಾದರಿಗೆ ದೀಪ ಕಾಣುವುದಿಲ್ಲ. ಬೆಳಕು ಎಲ್ಲಿಂದ ಎಂದು ಹೇಳದಿದ್ದರೆ ಹಗಲಿನ ಬೆಳಕಿನ ಹಾಸೊಂದು ಸಂಜೆಯ ಕೋಣೆಯಲ್ಲಿ ಬಂದು ಬಿದ್ದಿರುತ್ತದೆ. ಇಟ್ಟಿಗೆಗೆಂಪು ಎಂದು ಬರೆದದ್ದೂ ಸುಮ್ಮನೆ ಅಲ್ಲ, ತಾಯಿಯ ಮನೆಯ ಚಾವಡಿಯ ಕಾವಿ ನೆಲದ ಬಣ್ಣವನ್ನು ಟೀಚರ್ ಆ ದಿನ ಎರಡು ಸಲ ನೆನಪಿಸಿದ್ದರು. ಹತ್ತಿಯ ಹಾಸನ್ನೇ ಆರಿಸಲು ಕಾರಣ ನಮ್ಮ ಮಳೆಗಾಲ. ದಪ್ಪ ಉಣ್ಣೆಯ ಕಾರ್ಪೆಟ್ ಚಿತ್ರದಲ್ಲಿ ಇನ್ನೂ ಚಂದ ಕಾಣುತ್ತಿತ್ತು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಒಣಗಿಸಿ ಬೂಷ್ಟು ಹಿಡಿಯದಂತೆ ಕಾಪಾಡುವುದು ಅವರ ಪಾಲಿಗೆ ಬರುತ್ತಿತ್ತು.

ಚಿತ್ರ ಕಳುಹಿಸುವ ಮುಂಚೆ ಹಳೆಯದರ ಮೇಲೆ ಹೊಸದನ್ನಿಟ್ಟು, ಮೇಲಿನ ಪದರವನ್ನು ಮರೆಮಾಡಿ ಮತ್ತೆ ತೋರಿಸಿ ನೋಡುತ್ತೇನೆ. ಬಾಗಿಲ ಚೌಕಟ್ಟು, ಬೀಮಿನ ಕೆಳ ಅಂಚು, ಸ್ವಿಚ್‌ಬೋರ್ಡ್ ಈ ಮೂರರಲ್ಲಿ ಯಾವುದಾದರೂ ಒಂದು ಕೂದಲೆಳೆಯಷ್ಟಾದರೂ ಜಿಗಿದರೆ ಆ ಚಿತ್ರ ಹೊರಗೆ ಹೋಗುವುದಿಲ್ಲ. ಟೀಚರ್ ಹಾಲ್‌ನಲ್ಲಿ ಸ್ವಿಚ್‌ಬೋರ್ಡ್ ಕಾಣೆಯಾಗಿತ್ತು, ಮೂಲದಿಂದ ಅಷ್ಟು ಭಾಗವನ್ನು ಮತ್ತೆ ತಂದು ಅಂಟಿಸಬೇಕಾಯಿತು.

ರಿಚ್ ಎಂಬ ಮಾತು ಬಂದದ್ದು ಅವರ ಯಜಮಾನರಿಂದ. ಅವರ ಬೆರಳು ಹೋದದ್ದು ಟಿವಿ ಯುನಿಟ್‌ನ ಹೊಳಪಿಗೆ ಮತ್ತು ಕಿಟಕಿಯ ಅರ್ಧಕ್ಕೆ ನಿಂತ ಪರದೆಗೆ. ಪರದೆಯನ್ನು ಸೀಲಿಂಗಿನಿಂದ ನೆಲದವರೆಗೆ ಇಳಿಬಿಟ್ಟು, ಲ್ಯಾಮಿನೇಟಿನ ಬದಲು ಹೊಳಪಿಲ್ಲದ ತೇಗದ ವೆನೀರ್ ಎಂದು ವರ್ಣಿಸಿದ್ದಷ್ಟೇ ಸಾಕಾಯಿತು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವೆನೀರ್ ಸಾಮಾನ್ಯವಾಗಿ ಸಿಗುವುದು 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯಾಗಿ. ಎಐ ಬರೆಯುವ ಮರದ ಗೆರೆಗೆ ಆ ಅಳತೆಯ ಹಂಗಿಲ್ಲ, ಹತ್ತಡಿ ಉದ್ದಕ್ಕೂ ಒಂದೇ ಗೆರೆಯನ್ನು ಕೂಡುಗೆರೆಯಿಲ್ಲದೆ ಎಳೆದುಬಿಡುತ್ತದೆ. ಆದ್ದರಿಂದ ಮೊದಲು ಅಂಗಡಿಯಿಂದ ತುಂಡೊಂದನ್ನು ತಂದು ಅವರ ಮೇಜಿನ ಮೇಲಿಟ್ಟು ಒಪ್ಪಿಸಿದೆ, ಆಮೇಲೆ ಅದನ್ನೇ ಪ್ರಾಂಪ್ಟ್‌ನಲ್ಲಿ ವರ್ಣಿಸಿದೆ.

ಎಐ ಹಚ್ಚಿದ ದೀಪದ ಬೆಳಕು ಲೆಕ್ಕ ಮಾಡಿದ ಬೆಳಕಲ್ಲ, ನೋಡಿ ಕಲಿತ ಬೆಳಕು. ಅಷ್ಟು ಸಣ್ಣ ದೀಪ ಅಷ್ಟು ದೊಡ್ಡ ಗೋಡೆಯನ್ನು ನಿಜವಾಗಿ ಬೆಳಗುತ್ತದೆಯೇ ಎಂಬುದಕ್ಕೆ ಆ ಚಿತ್ರವನ್ನು ಸಾಕ್ಷಿಯಾಗಿ ಹಿಡಿಯಬಾರದು. ಟೀಚರ್ ಒಪ್ಪಿದ ಮೇಲೆ ನಾವು ಮೂಲ ಮಾಡೆಲ್‌ಗೆ ಮರಳಿ, 2700 ಕೆಲ್ವಿನ್‌ನ ದೀಪವನ್ನು ಅದೇ ಜಾಗದಲ್ಲಿಟ್ಟು ಮತ್ತೆ ರೆಂಡರ್ ಮಾಡಿದೆವು. ಗೋಡೆ ಎಐ ತೋರಿಸಿದಷ್ಟು ಬೆಳಗಲಿಲ್ಲ, ಆದ್ದರಿಂದ ಸೋಫಾದ ಎಡಗಡೆಗೆ ಇನ್ನೊಂದು ಸಣ್ಣ ದೀಪ ಸೇರಿತು. ಎಐ ಚಿತ್ರದ ದೀಪಕ್ಕೆ ವಯರೂ ಇರಲಿಲ್ಲ, ಪ್ಲಗ್ಗೂ ಇರಲಿಲ್ಲ. ಸೋಫಾದ ಎರಡೂ ಬದಿಗೆ ನೆಲದಿಂದ ಒಂದಡಿ ಎತ್ತರದಲ್ಲಿ ಐದು ಆಂಪಿಯರಿನ ಒಂದೊಂದು ಪಾಯಿಂಟನ್ನು, ಅವೆರಡಕ್ಕೂ ಬಾಗಿಲ ಬಳಿ ಒಂದು ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ನರ ನಕ್ಷೆಯಲ್ಲಿ ಗುರುತು ಮಾಡಿಸಿ, ಹತ್ತು ಡೌನ್‌ಲೈಟುಗಳಲ್ಲಿ ಆರನ್ನು ಹೊಡೆದುಹಾಕಿದೆವು.