ಮೌಲ್ಯಮಾಪನ ಕೋಷ್ಟಕ: ಟೆಂಡರುದಾರರ ಉತ್ತರವನ್ನು ಮಾನದಂಡದ ಎದುರು ಕೂರಿಸುವುದು

ಹಾಸನದಲ್ಲಿ ನಮ್ಮ ಜೊತೆ ಇಲಾಖಾ ಪರೀಕ್ಷೆಗೆ ಓದುತ್ತಿರುವವರಿಗೆ ಈ ಭಾಗದಲ್ಲಿ ತೊಡಕಾಗುವುದು ಸೂತ್ರವಲ್ಲ. ಸೂತ್ರಕ್ಕೆ ಹೋಗುವ ಅಂಕ ಎಲ್ಲಿಂದ ಬರುತ್ತದೆ ಎಂಬುದೇ ಕಷ್ಟ. ಆದ್ದರಿಂದ ಒಂದೇ ಮಾನದಂಡವನ್ನು ಹಿಡಿದು ಕೊನೆಯವರೆಗೆ ಹೋಗೋಣ. ಉದಾಹರಣೆ ಕಾಲ್ಪನಿಕ: ಅರಸೀಕೆರೆ ತಾಲ್ಲೂಕಿಗೆ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ವಿವರವಾದ ಯೋಜನಾ ವರದಿ ಸಿದ್ಧಪಡಿಸಲು ಸಲಹಾ ಸಂಸ್ಥೆ ಬೇಕು. ಗುಣಮಟ್ಟಕ್ಕೆ 80, ದರಕ್ಕೆ 20 ತೂಕ ಎಂದು ಟೆಂಡರು ದಾಖಲೆ ಹೇಳುತ್ತದೆ.

ಅನುಭವದ ಮಾನದಂಡ ಹೀಗಿದೆ: “ಕಳೆದ 7 ವರ್ಷಗಳಲ್ಲಿ ಪೂರ್ಣಗೊಳಿಸಿದ, ಕನಿಷ್ಠ 50 ಗ್ರಾಮಗಳ ಬಹುಗ್ರಾಮ ಯೋಜನಾ ವರದಿಗೆ ತಲಾ 5 ಅಂಕ, ಗರಿಷ್ಠ 20. ಜಂಟಿಯಾಗಿ ಮಾಡಿದ ಕೆಲಸಕ್ಕೆ ಪಾಲಿನ ಅನುಪಾತದಲ್ಲಿ ಅಂಕ.” ಈ ವಾಕ್ಯವನ್ನು ಕೋಷ್ಟಕಕ್ಕೆ ಇಳಿಸುವಾಗ “ಅನುಭವ” ಎಂದಷ್ಟೇ ಬರೆದರೆ ಮುಂದಿನ ಕೆಲಸವೆಲ್ಲ ಹಳಿ ತಪ್ಪುತ್ತದೆ. ಪೂರ್ಣಗೊಂಡಿರಬೇಕು, ಅವಧಿಯೊಳಗಿರಬೇಕು, ಗ್ರಾಮಗಳ ಸಂಖ್ಯೆ ಇರಬೇಕು, ಪಾಲು ಎಷ್ಟೆಂದು ತಿಳಿಯಬೇಕು. ನಾಲ್ಕೂ ಪ್ರತ್ಯೇಕ ಕಾಲಮ್‌ಗಳು. ಅವುಗಳ ಪಕ್ಕದಲ್ಲಿ ಸಂಸ್ಥೆ ಹೇಳಿಕೊಂಡದ್ದು, ಪುಟ ಸಂಖ್ಯೆ, ಆ ಪುಟದ ದಾಖಲೆ ನಿಜವಾಗಿ ಹೇಳುವುದು, ಅಂಕ, ಕಾರಣ.

ಸಂಸ್ಥೆ ‘ಅ’ ಐದು ಕೆಲಸಗಳನ್ನು ತೋರಿಸಿ 20 ಅಂಕ ಕೇಳಿದೆ. ಒಂದನೆಯದು 68 ಗ್ರಾಮಗಳದ್ದು, ಪೂರ್ಣಗೊಂಡ ಪ್ರಮಾಣಪತ್ರವೂ ಇದೆ: 5. ಎರಡನೆಯದಕ್ಕೆ, 54 ಗ್ರಾಮಗಳದ್ದಕ್ಕೆ, ಬರೀ ಕಾರ್ಯಾದೇಶ ಲಗತ್ತಿಸಿದೆ. ಕಾರ್ಯಾದೇಶ ಕೆಲಸ ಸಿಕ್ಕಿತೆಂದು ಹೇಳುತ್ತದೆಯೇ ಹೊರತು ಮುಗಿಯಿತೆಂದು ಹೇಳುವುದಿಲ್ಲ, ಆದ್ದರಿಂದ ಸದ್ಯಕ್ಕೆ ಸೊನ್ನೆ. ಮೂರನೆಯದು 120 ಗ್ರಾಮಗಳ ದೊಡ್ಡ ಕೆಲಸ, ಆದರೆ ಜಂಟಿ ಒಪ್ಪಂದದಲ್ಲಿ ಸಂಸ್ಥೆಯ ಪಾಲು ಶೇ. 40 ಮಾತ್ರ: 2. ನಾಲ್ಕನೆಯದರಲ್ಲಿ 48 ಮತ್ತು 30 ಗ್ರಾಮಗಳ ಎರಡು ಕಾರ್ಯಾದೇಶಗಳನ್ನು ಕೂಡಿಸಿ 78 ಎಂದು ಬರೆದಿದೆ. ಮಾನದಂಡ ಕೇಳುವುದು ಒಂದೊಂದು ವರದಿಯ ಲೆಕ್ಕ, ಆದ್ದರಿಂದ ಎರಡಕ್ಕೂ ಸೊನ್ನೆ. ಐದನೆಯದು ಮುಗಿದು ಎಂಟು ವರ್ಷವಾಗಿದೆ, ಅದೂ ಸೊನ್ನೆ. ಕೇಳಿದ್ದು 20, ದಾಖಲೆ ಕೊಡುವುದು 7.

ಎರಡನೆಯ ಕೆಲಸವನ್ನು ಹಾಗೆಯೇ ಬಿಡಬಾರದು. ಟೆಂಡರು ದಾಖಲೆಯಲ್ಲಿ ಸ್ಪಷ್ಟೀಕರಣಕ್ಕೆ ಅವಕಾಶವಿದ್ದರೆ ಸಮಿತಿ ಪ್ರಮಾಣಪತ್ರವನ್ನು ಕೇಳಬಹುದು. ಟೆಂಡರು ತೆರೆಯುವ ವೇಳೆಗೆ ಅಸ್ತಿತ್ವದಲ್ಲಿದ್ದು, ಆಮೇಲೆ ಬದಲಾಗದ ಹಳೆಯ ದಾಖಲೆಯನ್ನಷ್ಟೇ ಕೇಳಬೇಕೆಂಬುದು ಕೇಂದ್ರ ಸರ್ಕಾರದ ಖರೀದಿ ಕೈಪಿಡಿಯಲ್ಲೂ ಇರುವ ತತ್ವ. ಬೇರೆ ಹೊಸ ಕೆಲಸವನ್ನು ತಂದು ತುಂಬಿಸಲು ಬಿಡುವಂತಿಲ್ಲ. ಹಾಗೆ ಮಾಡಿದರೆ ಒಬ್ಬ ಟೆಂಡರುದಾರ ಎರಡು ಬಾರಿ ಉತ್ತರಿಸಿದಂತಾಗುತ್ತದೆ. ಎಲ್ಲ ಸಂಸ್ಥೆಗಳಿಗೂ ಇದೇ ಅಳತೆ, ಅದೂ ಲಿಖಿತವಾಗಿ. ಪ್ರಮಾಣಪತ್ರ ಬಂತು, ದಿನಾಂಕ ಹಿಂದಿನದು ಎಂದುಕೊಳ್ಳೋಣ. ಮೊತ್ತ 12 ಆಯಿತು.

ಈ ಎಂಟು ಅಂಕದ ವ್ಯತ್ಯಾಸಕ್ಕೆ ಎಷ್ಟು ಬಲವಿದೆ ನೋಡಿ. ಉಳಿದ ಮಾನದಂಡಗಳಲ್ಲಿ ‘ಅ’ಗೆ 64 ಬಂದಿದೆ, ದರ 40 ಲಕ್ಷ. ‘ಬ’ ಸಂಸ್ಥೆಗೆ ತಾಂತ್ರಿಕ ಅಂಕ 80, ದರ 44 ಲಕ್ಷ.

```
ದರದ ಅಂಕ = 100 × (ಕನಿಷ್ಠ ದರ ÷ ಸಂಸ್ಥೆಯ ದರ)
ಒಟ್ಟು = 0.80 × ತಾಂತ್ರಿಕ ಅಂಕ + 0.20 × ದರದ ಅಂಕ
```

‘ಬ’ಗೆ 64 + 18.18 = 82.18. ‘ಅ’ ಹೇಳಿಕೊಂಡ 20ನ್ನು ಹಾಗೆಯೇ ನಂಬಿದರೆ ತಾಂತ್ರಿಕ 84, ಒಟ್ಟು 87.2, ಕೆಲಸ ‘ಅ’ಗೆ ಹೋಗುತ್ತದೆ. ದಾಖಲೆ ಓದಿ 12 ಕೊಟ್ಟರೆ ತಾಂತ್ರಿಕ 76, ಒಟ್ಟು 80.8; ಕೆಲಸ ‘ಬ’ಗೆ ಹೋಗುತ್ತದೆ. ಹೀಗಾಗಿಯೇ ತಾಂತ್ರಿಕ ಅಂಕಗಳು ಆರ್ಥಿಕ ಲಕೋಟೆ ತೆರೆಯುವ ಮೊದಲೇ ಅಂತಿಮವಾಗಿ, ಸದಸ್ಯರ ಸಹಿ ಬೀಳಬೇಕು. ದರ ಗೊತ್ತಾದ ಮೇಲೆ ತಿದ್ದಿದ ಅಂಕವನ್ನು ಎಷ್ಟೇ ಪ್ರಾಮಾಣಿಕವಾಗಿ ತಿದ್ದಿದ್ದರೂ ಸಮರ್ಥಿಸಿಕೊಳ್ಳುವುದು ಅಸಾಧ್ಯ ಎನ್ನುವಷ್ಟು ಕಷ್ಟ.

ಕಾರಣದ ಕಾಲಮ್‌ನಲ್ಲಿ “ತೃಪ್ತಿಕರವಾಗಿಲ್ಲ” ಎಂದು ಬರೆಯುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. “ಪುಟ 112: 48 ಗ್ರಾಮಗಳು, ಕನಿಷ್ಠ 50 ಬೇಕು” ಎಂದು ಬರೆಯಿರಿ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 16ನೇ ಪ್ರಕರಣದಡಿ ಬಾಧಿತ ಟೆಂಡರುದಾರ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಆಗ ಸಮಿತಿಯ ಪರವಾಗಿ ಮಾತನಾಡುವುದು ಈ ಕಾಲಮ್ ಒಂದೇ.

ಎಣಿಸಲಾಗದ ಮಾನದಂಡಗಳಲ್ಲಿ, ಉದಾಹರಣೆಗೆ “ಕಾರ್ಯವಿಧಾನ, 20 ಅಂಕ” ಎಂಬಲ್ಲಿ, ಇದೇ ಕ್ರಮ ಇನ್ನಷ್ಟು ಬೇಕು. ಅಂಕ ಹಂಚುವ ಬಗೆ ಟೆಂಡರು ದಾಖಲೆಯಲ್ಲೇ ಇರಬೇಕು. ಲಕೋಟೆ ತೆರೆದ ಮೇಲೆ ಹೊಸ ಉಪಮಾನದಂಡ ಸೃಷ್ಟಿಸುವಂತಿಲ್ಲ. “ಸ್ಥಳೀಯ ನೀರಿನ ಮೂಲದ ವಿಶ್ಲೇಷಣೆಗೆ 8” ಎಂದಿದ್ದರೆ, ಯಾವ ತಾಲ್ಲೂಕಿಗೂ ಹೊಂದುವ ನಾಲ್ಕು ಪುಟಕ್ಕೂ, ಅರಸೀಕೆರೆಯ ಕೊಳವೆಬಾವಿಗಳನ್ನೂ ಗೊರೂರಿನ ಹೇಮಾವತಿ ಜಲಾಶಯದ ಬೇಸಿಗೆ ಮಟ್ಟವನ್ನೂ ತೂಗಿ ನೋಡಿದ ಒಂದು ಪುಟಕ್ಕೂ ಒಂದೇ ಅಂಕ ಸಲ್ಲುವುದಿಲ್ಲ. ಇಲ್ಲಿ ಸದಸ್ಯರು ಪ್ರತ್ಯೇಕವಾಗಿ ಅಂಕ ಹಾಕಿ, ಆಮೇಲೆ ಎದುರುಬದುರು ಇಟ್ಟು ನೋಡಬೇಕು. ಒಬ್ಬರು 7, ಇನ್ನೊಬ್ಬರು 2 ಕೊಟ್ಟಿದ್ದರೆ ನೇರ ಸರಾಸರಿ ತೆಗೆಯುವ ಮೊದಲು ಇಬ್ಬರೂ ಯಾವ ಪುಟ ಓದಿ ಅಂಕ ಕೊಟ್ಟರು ಎಂದು ಕೇಳಬೇಕು. ಅಷ್ಟು ಅಂತರವಿದ್ದಾಗ ಒಬ್ಬರು ಅನುಬಂಧವನ್ನು ನೋಡದೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಚರ್ಚೆಯ ನಂತರ ಅಂಕ ಬದಲಾದರೆ ಹಳೆಯ ಅಂಕ, ಹೊಸ ಅಂಕ ಮತ್ತು ಬದಲಾವಣೆಗೆ ಕಾರಣವಾದ ಪುಟ, ಮೂರೂ ನಡವಳಿಯಲ್ಲಿ ದಾಖಲಾಗಬೇಕು.