ಅಪ್ಗಾರ್ ಅಂಕಕ್ಕೂ ಮೊದಲು ಉಸಿರು

ಆಗತಾನೇ ಹುಟ್ಟಿದ ಮಗುವಿನ ಸ್ಥಿತಿ ಅಳೆಯುವ ಅಪ್ಗಾರ್ ಸ್ಕೋರನ್ನು ಅಮೆರಿಕದ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್ 1953ರಲ್ಲಿ ಪ್ರಕಟಿಸಿದರು. ಎದೆಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಕೆಣಕಿದಾಗಿನ ಪ್ರತಿಕ್ರಿಯೆ, ಮೈಬಣ್ಣ: ಈ ಐದಕ್ಕೂ 0, 1 ಅಥವಾ 2 ಅಂಕ. ಮೊದಲ ಸ್ಕೋರ್ ಹಾಕುವುದು ಹುಟ್ಟಿದ ಒಂದನೇ ನಿಮಿಷಕ್ಕೆ. ಆದರೆ ಉಸಿರಾಡದ ಮಗುವಿಗೆ ಅಷ್ಟರೊಳಗೇ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಲು ಶುರು ಮಾಡಿರಬೇಕು. ಹಾಗಾಗಿ ಏನು ಮಾಡಬೇಕೆಂದು ತೀರ್ಮಾನಿಸಲು ಸ್ಕೋರಿಗೆ ಕಾಯುವಂತಿಲ್ಲ.

ಒಂದು ಉದಾಹರಣೆ ನೋಡೋಣ. ಗರ್ಭದಲ್ಲಿ 38 ವಾರ ತುಂಬಿ ಹುಟ್ಟಿದ ಮಗು. ಅಳಲಿಲ್ಲ, ಕೈಕಾಲು ಜೋತುಬಿದ್ದಿವೆ. ಮೈ ಬೆಚ್ಚಗಿಡುವ ವಾರ್ಮರ್ ಕೆಳಗಿಟ್ಟು ಒರೆಸಿ, ಒದ್ದೆ ಬಟ್ಟೆ ತೆಗೆದು, ಕತ್ತನ್ನು ಸ್ವಲ್ಪ ಹಿಂದಕ್ಕೆ ಮಾಡಿ, ಬೆನ್ನು ಉಜ್ಜಿದ್ದಾಯಿತು. ಸುಮಾರು 30 ಸೆಕೆಂಡ್ ಕಳೆದರೂ ಉಸಿರಿಲ್ಲ. ಸ್ಟೆತಾಸ್ಕೋಪಿನಲ್ಲಿ 6 ಸೆಕೆಂಡಿಗೆ 8 ಬಡಿತ ಕೇಳಿಸಿತು. ಅದನ್ನು ಹತ್ತರಿಂದ ಗುಣಿಸಿದರೆ ನಿಮಿಷಕ್ಕೆ 80.

ಇನ್ನೂ ಸ್ವಲ್ಪ ಉಜ್ಜೋಣ ಅನ್ನಿಸುತ್ತದೆ, ಅಲ್ವಾ? ಉಜ್ಜಬೇಡಿ. ಆಮ್ಲಜನಕದ ಕೊರತೆ ಶುರುವಾದಾಗ ನಿಂತ ಉಸಿರು ಉಜ್ಜಿದರೆ ಮರಳಬಹುದು. ಕೊರತೆ ಮುಂದುವರಿದು ಎರಡನೇ ಸಲ ಉಸಿರು ನಿಂತಿದ್ದರೆ ಎಷ್ಟು ಉಜ್ಜಿದರೂ ಮರಳದು. ನೋಡಿದರೆ ಎರಡೂ ಒಂದೇ ಥರ. ಆದ್ದರಿಂದ ಉಸಿರಿಲ್ಲದಿದ್ದರೆ, ಬರೀ ಏದುಸಿರಿದ್ದರೆ ಅಥವಾ ಬಡಿತ 100ಕ್ಕಿಂತ ಕಡಿಮೆ ಇದ್ದರೆ ಬ್ಯಾಗ್ ಹಿಡಿಯಬೇಕು. ನಿಮಿಷಕ್ಕೆ 40ರಿಂದ 60 ಉಸಿರು. ದಿನ ತುಂಬಿದ ಮಗುವಿಗೆ ಸಾಮಾನ್ಯ ಗಾಳಿಯಿಂದಲೇ ಶುರು ಮಾಡುತ್ತಾರೆ.

ನಮ್ಮ ಉದಾಹರಣೆಯ ಮಗುವಿಗೆ ಬ್ಯಾಗ್ ಶುರು ಮಾಡಿದ 15 ಸೆಕೆಂಡ್ ನಂತರವೂ ಬಡಿತ 80ರಲ್ಲೇ ಇದೆ, ಎದೆ ಏಳುತ್ತಿಲ್ಲ. ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲೇ. ಬ್ಯಾಗ್ ಒತ್ತುತ್ತಲೇ ಇರುತ್ತಾರೆ, ಗಾಳಿ ಮಾಸ್ಕಿನ ಅಂಚಿನಿಂದ ಸೋರಿಹೋಗುತ್ತಿರುತ್ತದೆ. ಮಾಸ್ಕನ್ನು ಮತ್ತೆ ಸರಿಯಾಗಿ ಕೂರಿಸಿ, ತಲೆಯ ಭಂಗಿ ಸರಿಪಡಿಸಬೇಕು. ಆಗಲೂ ಆಗದಿದ್ದರೆ ಬಾಯಿ, ಮೂಗಿನಲ್ಲಿರುವ ದ್ರವವನ್ನು ಸಕ್ಷನ್‌ನಿಂದ ಹೀರಿ ತೆಗೆದು, ಬಾಯಿ ತೆರೆಸಬೇಕು. ನಂತರ ಒತ್ತಡ ತುಸು ಹೆಚ್ಚಿಸಬೇಕು. ಕೊನೆಯ ದಾರಿ ಶ್ವಾಸನಾಳಕ್ಕೆ ಟ್ಯೂಬ್. ಈ ಮಗುವಿಗೆ ಮಾಸ್ಕ್ ಮತ್ತು ತಲೆ ಸರಿಪಡಿಸಿದ ಕೂಡಲೇ ಎದೆ ಎದ್ದಿತು. 30 ಸೆಕೆಂಡಿನಲ್ಲಿ ಬಡಿತ 120ಕ್ಕೆ ಏರಿತು. ಗಾಳಿ ಒಳಗೆ ಹೋಗಿದೆ ಎನ್ನಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ. ಎದೆ ಏಳುವಂತೆ 30 ಸೆಕೆಂಡ್ ಗಾಳಿ ಕೊಟ್ಟ ಮೇಲೂ ಬಡಿತ 60ಕ್ಕಿಂತ ಕೆಳಗಿದ್ದರೆ ಮಾತ್ರ ಎದೆ ಒತ್ತುವುದು: ಮೂರು ಒತ್ತು, ಒಂದು ಉಸಿರು.

ಈಗ ಸ್ಕೋರ್. ಒಂದನೇ ನಿಮಿಷದಲ್ಲಿ ಬಡಿತಕ್ಕೆ 1, ಮುಖ ಕಿವುಚಿದ್ದಕ್ಕೆ 1, ಉಳಿದದ್ದಕ್ಕೆ ಸೊನ್ನೆ: ಒಟ್ಟು 2. ಐದನೇ ನಿಮಿಷದಲ್ಲಿ ಬಡಿತಕ್ಕೆ 2, ಉಳಿದ ನಾಲ್ಕಕ್ಕೆ ಒಂದೊಂದು: ಒಟ್ಟು 6. ಇದು 7ಕ್ಕಿಂತ ಕಡಿಮೆ, ಹಾಗಾಗಿ ಐದೈದು ನಿಮಿಷಕ್ಕೊಮ್ಮೆ, 20ನೇ ನಿಮಿಷದವರೆಗೆ ಮತ್ತೆ ಹಾಕುತ್ತಾರೆ. ಅಂಕದ ಪಕ್ಕದಲ್ಲಿ ಆ ಹೊತ್ತಿಗೆ ಬ್ಯಾಗ್ ಅಥವಾ ಆಮ್ಲಜನಕ ಕೊಡುತ್ತಿದ್ದರೇ ಎಂಬುದನ್ನೂ ಬರೆಯಿರಿ. ತಾನೇ ಉಸಿರಾಡುವ ಮಗುವಿನ 6 ಬೇರೆ, ನೆರವಿನಲ್ಲಿರುವ ಮಗುವಿನ 6 ಬೇರೆ.