ಹಚ್ಚಿದಷ್ಟೂ ಹೆಚ್ಚುವ ಬಾಯಿ ಸುತ್ತಲಿನ ಗುಳ್ಳೆ

ಬಾಯಿಯ ಸುತ್ತ, ಗದ್ದದ ಮೇಲೆ, ಕೆಲವೊಮ್ಮೆ ಮೂಗಿನ ಹೊಳ್ಳೆಗಳ ಪಕ್ಕದಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಗುಂಪಾಗಿ ಏಳುತ್ತವೆ. ತುರಿಕೆಗಿಂತ ಉರಿಯೇ ಹೆಚ್ಚು. ಬಿಳಿ ಚರ್ಮದಲ್ಲಿ ಅವು ಕೆಂಪಗಿರುತ್ತವೆ, ನಮ್ಮ ಕಂದು ಚರ್ಮದಲ್ಲಿ ಬಣ್ಣ ಅಷ್ಟು ಎದ್ದು ಕಾಣುವುದಿಲ್ಲ. ನೋಡಿದವರು ಮೊಡವೆ ಅಂದುಕೊಳ್ಳುತ್ತಾರೆ. ಆದರೆ ಮೊಡವೆಯ ಜೊತೆಗಿರುವ ಬ್ಲ್ಯಾಕ್‌ಹೆಡ್ ಇಲ್ಲಿರುವುದಿಲ್ಲ, ತುಟಿಯಂಚಿಗೆ ತಾಗಿದ ಸಣ್ಣದೊಂದು ಪಟ್ಟಿ ಸಾಮಾನ್ಯವಾಗಿ ಗುಳ್ಳೆಯಿಲ್ಲದೆ ಉಳಿದಿರುತ್ತದೆ. ಇದು ಪೆರಿಓರಲ್ ಡರ್ಮಟೈಟಿಸ್. ಹೆಚ್ಚಾಗಿ 20ರಿಂದ 45ರ ವಯಸ್ಸಿನ ಹೆಂಗಸರಲ್ಲಿ ಕಾಣುತ್ತದೆ, ಮಕ್ಕಳಿಗೂ ಬರುತ್ತದೆ.

ಇದು ಹೇಗೆ ಬೆಳೆಯುತ್ತದೆಂದು ನೋಡಲು ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ಗದ್ದ ಒಣಗಿದಂತಾಗಿ ದಪ್ಪ ಕ್ರೀಮ್ ಬಳಿಯುತ್ತಾರೆ. ಜಿಡ್ಡಿನ ಪದರದಡಿ ಚರ್ಮದ ಹೊರಪದರ ನೀರು ಹೀರಿ ಊದುತ್ತದೆ, ಅದರ ತಡೆಗೋಡೆ ಸಡಿಲವಾಗುತ್ತದೆ. ಕ್ರೀಮ್ ಒರೆಸಿಹೋದ ಮೇಲೆ ತೇವ ಇನ್ನಷ್ಟು ಬೇಗ ಆವಿಯಾಗಿ ಚರ್ಮ ಬಿಗಿಯುತ್ತದೆ. ಅದನ್ನು ಒಣಚರ್ಮವೆಂದೇ ತಿಳಿದು ಅವರು ಮತ್ತೆ ಬಳಿಯುತ್ತಾರೆ.

ಗುಳ್ಳೆ ಎದ್ದಾಗ ಮನೆಯಲ್ಲಿದ್ದ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕ್ರೀಮಿನ ಟ್ಯೂಬ್ ಕೈಗೆ ಬರುತ್ತದೆ. ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸಿ ಉರಿಯೂತವನ್ನು ಅದುಮುವುದರಿಂದ ಕೆಲವೇ ದಿನಗಳಲ್ಲಿ ಮುಖ ತಿಳಿಯಾಗುತ್ತದೆ. ಒಳಗೆ ಮಾತ್ರ ಚರ್ಮ ತೆಳುವಾಗುತ್ತಿರುತ್ತದೆ. ನಿಲ್ಲಿಸಿದೊಡನೆ ಕುಗ್ಗಿದ್ದ ನಾಳಗಳು ಹಿಗ್ಗಿ, ಗುಳ್ಳೆಗಳು ಮೊದಲಿಗಿಂತ ಜೋರಾಗಿ ಮರಳುತ್ತವೆ. ಇದನ್ನು ರೋಗವೇ ಉಲ್ಬಣಿಸಿತೆಂದು ಓದಿಕೊಳ್ಳುವುದೇ ತಪ್ಪು. ಮತ್ತೆ ಅದೇ ಟ್ಯೂಬ್ ಹಿಡಿದರೆ ತಿಂಗಳುಗಟ್ಟಲೆ ಈ ಸುತ್ತು ಮುಗಿಯುವುದಿಲ್ಲ. ಮುಖ ಬೆಳ್ಳಗಾಗಲೆಂದು ಹಚ್ಚುವ ಕೆಲವು ಕ್ರೀಮ್‌ಗಳಲ್ಲೂ ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ, ಆದ್ದರಿಂದ ಟ್ಯೂಬಿನ ಸಣ್ಣಕ್ಷರ ಓದಲೇಬೇಕು.

ಚಿಕಿತ್ಸೆಯ ಮೊದಲ ಹೆಜ್ಜೆ ಎಲ್ಲವನ್ನೂ ಬಿಡುವುದು: ಸ್ಟೀರಾಯ್ಡ್, ದಪ್ಪ ಕ್ರೀಮ್, ಫೌಂಡೇಶನ್. ಉಗುರುಬೆಚ್ಚಗಿನ ಬರೀ ನೀರಿನಲ್ಲಿ ಮುಖ ತೊಳೆದು, ಉಜ್ಜದೆ ಬಟ್ಟೆ ಒತ್ತಿ ಒರೆಸಿದರೆ ಸಾಕು. ಮೊದಲ ಒಂದೆರಡು ವಾರ ಗುಳ್ಳೆ ಹೆಚ್ಚುತ್ತದೆ. ಸೋತು ಹಿಂತಿರುಗುವವರು ಸೋಲುವುದು ಇಲ್ಲಿಯೇ, ಹಾಗಾಗಿ ಇದನ್ನು ಮೊದಲೇ ತಿಳಿದಿರಬೇಕು. ಪ್ರಬಲ ಸ್ಟೀರಾಯ್ಡನ್ನು ಬಹುಕಾಲ ಹಚ್ಚಿದ್ದವರಿಗೆ ವೈದ್ಯರು ಕೆಲವೊಮ್ಮೆ ಸ್ವಲ್ಪ ದಿನ 1% ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡ್ ಕೊಟ್ಟು ಮೆಲ್ಲಗೆ ಬಿಡಿಸುತ್ತಾರೆ.

ಸೌಮ್ಯವಾಗಿದ್ದರೆ ಇಷ್ಟರಿಂದಲೇ ಕೆಲವು ವಾರಗಳಲ್ಲಿ ಮಾಗುತ್ತದೆ. ಇಲ್ಲವಾದರೆ ಮೆಟ್ರೊನಿಡಜೋಲ್ ಅಥವಾ ಪಿಮೆಕ್ರೊಲಿಮಸ್ ಹಚ್ಚಲು ಬರೆಯುತ್ತಾರೆ, ತೀವ್ರವಾಗಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆ. ಆ ಮಾತ್ರೆ ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಸಲ್ಲದು.

ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಸೇದುವ ಮಕ್ಕಳಲ್ಲಿ ಮಾಸ್ಕ್ ತಾಗುವ ಜಾಗದಲ್ಲೂ ಇದೇ ಗುಳ್ಳೆ ಬರಬಹುದು. ಆಗ ಔಷಧಿಯನ್ನು ನಿಲ್ಲಿಸಬಾರದು. ಪ್ರತಿ ಸಲ ಸೇದಿದ ಮೇಲೆ ಬಾಯಿ ಮುಕ್ಕಳಿಸಿ, ಮುಖ ತೊಳೆಸಿ, ವೈದ್ಯರಿಗೆ ತೋರಿಸಬೇಕು.